ರೋಗಿ ತಂದ ಫ್ರೆಂಚ್ ಪತ್ರವನ್ನು ವೈದ್ಯರಿಗೆ ಇಂಗ್ಲಿಷಿನಲ್ಲಿ ಓದಿ ಹೇಳುವುದು: ಹಂತ ಹಂತದ ಮಾರ್ಗದರ್ಶಿ

ಫ್ರೆಂಚ್ ಚೆನ್ನಾಗಿ ಬಲ್ಲ ದುಭಾಷಿಗಳೂ ಒಂದೇ ಜಾಗದಲ್ಲಿ ಎಡವುತ್ತಾರೆ. ಮಾತಿನ ಅನುವಾದ ಸಲೀಸಾಗಿ ನಡೆಯುತ್ತಿರುತ್ತದೆ. ಅಷ್ಟರಲ್ಲಿ ರೋಗಿ ಚೀಲದಿಂದ ಒಂದು ಹಾಳೆ ತೆಗೆಯುತ್ತಾರೆ, ವೈದ್ಯರು ಅದನ್ನು ದುಭಾಷಿಯ ಕಡೆಗೆ ಸರಿಸಿ "ಇದರಲ್ಲಿ ಏನಿದೆ?" ಎನ್ನುತ್ತಾರೆ. ದುಭಾಷಿ ಕೂಡಲೇ ಮೊದಲ ಸಾಲಿನಿಂದ ಶುರುಮಾಡುತ್ತಾರೆ. ಮೂರನೆಯ ಸಾಲಿನಲ್ಲಿ ಒಂದು ಸಂಕ್ಷೇಪ ಎದುರಾಗಿ ಮಾತು ನಿಲ್ಲುತ್ತದೆ. ಮತ್ತೆ ಹಿಂದಕ್ಕೆ ಹೋಗಿ ಮೊದಲ ವಾಕ್ಯವನ್ನು ತಿದ್ದುತ್ತಾರೆ. ಮುಗಿಯುವ ಹೊತ್ತಿಗೆ ವೈದ್ಯರ ಟಿಪ್ಪಣಿಯಲ್ಲಿ ಯಾವುದು ಸರಿ, ಯಾವುದು ತಿದ್ದುವ ಮೊದಲಿನದು ಎಂದು ಹೇಳುವುದೇ ಕಷ್ಟ.

ಇದು ಹೆಚ್ಚಾಗಿ ಭಾಷೆಯ ಕೊರತೆಯಲ್ಲ, ಕೆಲಸದ ಕ್ರಮದ ಕೊರತೆ. ಬರೆದದ್ದನ್ನು ನೋಡುತ್ತಲೇ ಇನ್ನೊಂದು ಭಾಷೆಯಲ್ಲಿ ಗಟ್ಟಿಯಾಗಿ ಹೇಳುವ ಸೈಟ್ ಟ್ರಾನ್ಸ್‌ಲೇಶನ್ ಬೇರೆಯದೇ ಕೌಶಲ. ಬ್ರಿಟನ್ನಿನ ಸಾರ್ವಜನಿಕ ಸೇವೆಯ ದುಭಾಷಿಗಳು ಬರೆಯುವ ಡಿಪಿಎಸ್‌ಐ ಪರೀಕ್ಷೆ ಅದನ್ನು ಬೇರೆಯಾಗಿಯೇ ಅಳೆಯುತ್ತದೆ. ಫ್ರೆಂಚ್ ಕಲಿತು ಅಲ್ಲಿ ಈ ವೃತ್ತಿಗೆ ಇಳಿದಿರುವ ಅಥವಾ ಇಳಿಯಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

ಪ್ರಸಂಗ ಕಲ್ಪಿತ, ಆದರೆ ಇಂಥ ಪತ್ರಗಳು ಇರುವುದು ಹೀಗೆಯೇ. ಇಂಗ್ಲೆಂಡಿನ ಆಸ್ಪತ್ರೆಯೊಂದರ ಹೊರರೋಗಿ ವಿಭಾಗ. ರೋಗಿ ಐವರಿ ಕೋಸ್ಟ್‌ನಿಂದ ಬಂದ 58 ವರ್ಷದ ಮಹಿಳೆ, ಜೊತೆಯಲ್ಲಿ ಇಂಗ್ಲಿಷ್ ಬಲ್ಲ ಮಗ. ಕೈಯಲ್ಲಿ ಅಬಿಜಾನ್‌ನ ಆಸ್ಪತ್ರೆ ಕೊಟ್ಟ ಒಂದು ಪುಟದ ಬಿಡುಗಡೆ ಪತ್ರ, ಅರ್ಧ ಟೈಪ್ ಮಾಡಿದ್ದು, ಅರ್ಧ ಕೈಬರಹ.

ಬೇಕಾಗುವ ಸಾಮಾನು

ಸಣ್ಣ ನೋಟ್‌ಪುಸ್ತಕ, ಪೆನ್ಸಿಲ್, ಒಂದು ಬಿಳಿ ರಟ್ಟಿನ ಚೂರು. ಓದುತ್ತಿರುವ ಸಾಲಿನ ಕೆಳಗೆ ರಟ್ಟನ್ನು ಹಿಡಿದರೆ ಕಣ್ಣು ಸಾಲು ತಪ್ಪುವುದಿಲ್ಲ. ತಲೆಯೆತ್ತಿ ವೈದ್ಯರ ಪ್ರಶ್ನೆಗೆ ಉತ್ತರಿಸಿ ಮತ್ತೆ ಹಾಳೆಗೆ ಮರಳುವಾಗ ಅದರ ಬೆಲೆ ತಿಳಿಯುತ್ತದೆ. ಮೂಲ ಪತ್ರದ ಮೇಲೆ ಪೆನ್ಸಿಲ್ ಗುರುತನ್ನೂ ಹಾಕಬೇಡಿ. ಸಾಧ್ಯವಿದ್ದರೆ ಜೆರಾಕ್ಸ್ ಪ್ರತಿ ಕೇಳಿ, ಇಲ್ಲವಾದರೆ ಗುರುತುಗಳೆಲ್ಲ ನೋಟ್‌ಪುಸ್ತಕದಲ್ಲಿರಲಿ. ನಿಮ್ಮ ಫೋನಿನಲ್ಲಿ ಪತ್ರದ ಫೋಟೊ ತೆಗೆಯುವುದು ಸಲ್ಲದು, ಅದು ರೋಗಿಯ ಗುಟ್ಟು. ನಿಘಂಟು ನೋಡಬೇಕಾದರೆ ಏನು ಮಾಡುತ್ತಿದ್ದೀರಿ ಎಂದು ವೈದ್ಯರಿಗೂ ರೋಗಿಗೂ ಹೇಳಿ ನೋಡಿ.

ಹಂತ 1: ಬಾಯಿ ತೆರೆಯುವ ಮೊದಲು ಸಮಯ ಕೇಳಿ

ಹಾಳೆ ಕೈಗೆ ಬಂದೊಡನೆ ಹೇಳಬೇಕಾದ ಮಾತು ಒಂದೇ: "ಇದನ್ನು ಒಮ್ಮೆ ಪೂರ್ತಿ ಓದಿಕೊಳ್ಳಲು ದುಭಾಷಿಗೆ ಎರಡು ಮೂರು ನಿಮಿಷ ಬೇಕು." ಇದನ್ನು ಎರಡೂ ಭಾಷೆಗಳಲ್ಲಿ ಹೇಳಿ. "ನನಗೆ" ಎನ್ನದೆ "ದುಭಾಷಿಗೆ" ಎನ್ನುವುದಕ್ಕೆ ಕಾರಣವಿದೆ. ಆವರೆಗೆ ನೀವು "ನಾನು" ಎಂದಾಗಲೆಲ್ಲ ರೋಗಿಯೋ ವೈದ್ಯರೋ ಮಾತನಾಡುತ್ತಿದ್ದರು. ಈಗ ಮಾತು ನಿಮ್ಮದೆಂದು ಇಬ್ಬರಿಗೂ ತಿಳಿಯಬೇಕು.

ಸಮಯ ಕೇಳಲು ಸಂಕೋಚ ಬೇಡ. ಮೊದಲು ಓದಿಕೊಳ್ಳುವುದು ಈ ಕೆಲಸದ ಒಪ್ಪಿತ ಪದ್ಧತಿ. ಆ ಎರಡು ನಿಮಿಷ ಉಳಿಸಲು ಹೋದವರು ಮುಂದೆ ಎಡವಿ, ತಿದ್ದಿ ಐದು ನಿಮಿಷ ಕಳೆಯುತ್ತಾರೆ.

ಪುಟ ಒಂದನ್ನು ಮೀರಿದ್ದರೆ, ಅಥವಾ ಕಾನೂನಿನ ಷರತ್ತುಗಳಿಂದ ತುಂಬಿದ್ದರೆ, ಇದು ಬಾಯಲ್ಲಿ ಹೇಳುವ ಕೆಲಸವಲ್ಲ, ಬರಹದ ಅನುವಾದ ಬೇಕು ಎಂದು ಈಗಲೇ ಹೇಳಿ. ವೈದ್ಯರಿಗೆ ಒಂದು ಭಾಗ ಮಾತ್ರ ತುರ್ತಾಗಿ ಬೇಕಿದ್ದರೆ ಯಾವ ಭಾಗವೆಂದು ಅವರೇ ಆರಿಸಲಿ. "ಮುಖ್ಯವಾದದ್ದಷ್ಟೇ ಹೇಳಿ" ಎಂದರೆ ಒಪ್ಪಿಕೊಳ್ಳಬೇಡಿ. ಒಂದು ಪತ್ರದಲ್ಲಿ ಮುಖ್ಯ ಯಾವುದು ಎನ್ನುವುದು ವೈದ್ಯಕೀಯ ತೀರ್ಮಾನ, ನಮ್ಮದಲ್ಲ. ಹೆಚ್ಚೆಂದರೆ ಶೀರ್ಷಿಕೆಗಳನ್ನು ಓದಿ ಹೇಳಬಹುದು, ಅವರು ಅದರಲ್ಲಿ ಆರಿಸಿಕೊಳ್ಳುತ್ತಾರೆ.

ಹಂತ 2: ಯಾರ ಎದುರು ಓದುತ್ತೀರಿ ಎಂದು ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ನನ್ನ ಪ್ರಕಾರ ಅತ್ಯಂತ ಗಂಭೀರವಾದದ್ದೂ ಇದೇ. ನಮ್ಮ ಪತ್ರದ "ಹಿಂದಿನ ಆರೋಗ್ಯ" ಎಂಬ ಭಾಗದಲ್ಲಿ ಮೂರು ಅಕ್ಷರಗಳಿವೆ: ಐ.ವಿ.ಜಿ., ಮುಂದೆ 1998. ಫ್ರೆಂಚ್ ವೈದ್ಯರು ಈ ಅಕ್ಷರಗಳನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ಒಂದು, ಇಚ್ಛೆಯಿಂದ ಮಾಡಿಸಿಕೊಂಡ ಗರ್ಭಪಾತ. ಇನ್ನೊಂದು, ಹೃದಯದ ಎಡ ಕುಹರದ ವೈಫಲ್ಯ. ಮೊದಲನೆಯದಾಗಿದ್ದರೆ ಪಕ್ಕದಲ್ಲಿ ಕೂತ ಮಗನಿಗೆ ಅದು ತಿಳಿದಿರಲಿಕ್ಕಿಲ್ಲ. ನೀವು ಇಂಗ್ಲಿಷಿನಲ್ಲಿ ಓದಿದರೆ ಅವನಿಗೆ ಅರ್ಥವಾಗುತ್ತದೆ, ತಾಯಿಗೆ ನೀವು ಏನು ಓದಿದಿರಿ ಎಂಬುದೇ ಗೊತ್ತಾಗುವುದಿಲ್ಲ.

ಆ ಸಾಲನ್ನು ಮೆಲ್ಲನೆ ಹಾರಿಸಿಬಿಡುವುದು ಪರಿಹಾರವಲ್ಲ. ವೈದ್ಯರಿಗೆ ಬೇಕಾದ ಮಾಹಿತಿಯನ್ನು ಬಚ್ಚಿಟ್ಟಂತಾಗುತ್ತದೆ. ಮಾಡಬೇಕಾದದ್ದು ಇಷ್ಟು: ಓದುವ ಮೊದಲು ವೈದ್ಯರಿಗೆ, "ಪತ್ರದಲ್ಲಿರುವುದೆಲ್ಲವನ್ನೂ ದುಭಾಷಿ ಗಟ್ಟಿಯಾಗಿ ಓದಬೇಕಾಗುತ್ತದೆ, ಕೋಣೆಯಲ್ಲಿರುವ ಎಲ್ಲರ ಮುಂದೆ ಓದಲು ರೋಗಿಯ ಒಪ್ಪಿಗೆ ಇದೆಯೇ ಎಂದು ಕೇಳಬಹುದೇ?" ಎನ್ನಿ. ವೈದ್ಯರು ಕೇಳುತ್ತಾರೆ, ನೀವು ಅದನ್ನು ಫ್ರೆಂಚಿಗೆ ತರುತ್ತೀರಿ. ರೋಗಿ ಬೇಕೆಂದರೆ ಮಗನನ್ನು ಹೊರಗೆ ಕೂರಿಸುತ್ತಾರೆ. ಪತ್ರದಲ್ಲಿ ಏನಿದೆ ಎಂಬ ಸುಳಿವನ್ನು ನೀವು ಮುಖದಲ್ಲಿಯೂ ತೋರಬಾರದು. ಈ ಪ್ರಶ್ನೆಯನ್ನು ಪ್ರತಿ ಪತ್ರಕ್ಕೂ ಕೇಳುವ ರೂಢಿ ಇಟ್ಟುಕೊಂಡರೆ, ಕೇಳಿದ್ದರಿಂದಲೇ ಅನುಮಾನ ಹುಟ್ಟುವ ಪ್ರಮೇಯ ಬರುವುದಿಲ್ಲ.

ಹಂತ 3: ಮೌನವಾಗಿ ಎರಡು ಸಲ ಓದಿ

ಮೊದಲ ಓದು ಚೌಕಟ್ಟಿಗಾಗಿ. ಯಾವ ಬಗೆಯ ಪತ್ರ, ಯಾವ ವಿಭಾಗ ಕೊಟ್ಟದ್ದು, ತಾರೀಖು, ಸಹಿ, ಮೊಹರು, ಹಿಂಬದಿಯಲ್ಲಿ ಬರಹ ಇದೆಯೇ. ಹಾಳೆಯನ್ನು ತಿರುವಿ ನೋಡಲು ಮರೆಯಬೇಡಿ, ಔಷಧದ ಪ್ರಮಾಣ ಹಿಂದೆ ಬರೆದಿರುವುದುಂಟು.

ಎರಡನೆಯ ಓದು ಮುಳ್ಳುಗಳಿಗಾಗಿ. ನೋಟ್‌ಪುಸ್ತಕದಲ್ಲಿ ಮೂರೇ ಬಗೆಯ ಸಂಗತಿ ಬರೆದುಕೊಳ್ಳಿ: ಸಂಖ್ಯೆಗಳು, ಸಂಕ್ಷೇಪಗಳು, ಖಚಿತವಿಲ್ಲದ ಪದಗಳು. ಪೂರ್ತಿ ಅನುವಾದ ಬರೆಯಲು ಕೂತರೆ ಸಮಯ ಮುಗಿಯುತ್ತದೆ. ಆಮೇಲೆ ಕಣ್ಣು ಪತ್ರಕ್ಕೂ ಪುಸ್ತಕಕ್ಕೂ ಓಡಾಡಿ ಸಾಲುಗಳು ತಪ್ಪುತ್ತವೆ.

ಉದ್ದ ವಾಕ್ಯಗಳಲ್ಲಿ ಕರ್ತೃವನ್ನೂ ಮುಖ್ಯ ಕ್ರಿಯಾಪದವನ್ನೂ ಈ ಓದಿನಲ್ಲೇ ಹುಡುಕಿಟ್ಟುಕೊಳ್ಳಿ. ಫ್ರೆಂಚ್ ಆಸ್ಪತ್ರೆಯ ಬರಹದಲ್ಲಿ ಕ್ರಿಯಾಪದವೇ ಇಲ್ಲದ ತುಂಡು ವಾಕ್ಯಗಳು ಹೆಚ್ಚು. ಅವನ್ನು ತುಂಡಾಗಿಯೇ ಹೇಳಬಹುದು, ಇಂಗ್ಲಿಷ್ ವೈದ್ಯರ ಟಿಪ್ಪಣಿಯೂ ಹಾಗೇ ಇರುತ್ತದೆ. ಇಲ್ಲದ ಕ್ರಿಯಾಪದವನ್ನು ಊಹಿಸಿ ಸೇರಿಸುವುದೇ ಅಪಾಯ.

ಹಂತ 4: ಸಂಖ್ಯೆಗಳನ್ನು ಮೊದಲು ಬಗೆಹರಿಸಿಕೊಳ್ಳಿ

ನಮ್ಮ ಪತ್ರದಲ್ಲಿ ರಕ್ತದೊತ್ತಡ 18/10 ಎಂದಿದೆ. ಇಂಗ್ಲೆಂಡಿನ ವೈದ್ಯರಿಗೆ ಇದು ಅರ್ಥವಿಲ್ಲದ ಸಂಖ್ಯೆ. ಫ್ರೆಂಚ್ ಪದ್ಧತಿಯಲ್ಲಿ ರಕ್ತದೊತ್ತಡವನ್ನು ಸಾಮಾನ್ಯವಾಗಿ ಪಾದರಸದ ಸೆಂಟಿಮೀಟರಿನಲ್ಲಿ ಬರೆಯುತ್ತಾರೆ, ಇಂಗ್ಲೆಂಡಿನಲ್ಲಿ ಮಿಲಿಮೀಟರಿನಲ್ಲಿ. ಹಾಗಾಗಿ 18/10 ಎಂದರೆ ಅಲ್ಲಿನ 180/100. ಇದು ಗೊತ್ತಿದ್ದರೂ ನೇರವಾಗಿ 180/100 ಎಂದು ಓದಬೇಡಿ. ಬರೆದಂತೆ "ಹದಿನೆಂಟರ ಕೆಳಗೆ ಹತ್ತು" ಎಂದು ಓದಿ, ಆಮೇಲೆ "ದುಭಾಷಿಯ ಮಾತು: ಫ್ರೆಂಚ್ ಪತ್ರಗಳಲ್ಲಿ ಇದನ್ನು ಸೆಂಟಿಮೀಟರಿನಲ್ಲಿ ಬರೆಯುವ ರೂಢಿ ಇದೆ, ಪತ್ರದಲ್ಲಿ ಮಾನ ನಮೂದಿಸಿಲ್ಲ" ಎಂದು ಸೇರಿಸಿ. ಪತ್ರದಲ್ಲಿ ಇರುವುದು ಯಾವುದು, ನೀವು ಸೇರಿಸಿದ್ದು ಯಾವುದು ಎನ್ನುವುದು ಬೇರೆಬೇರೆಯಾಗಿ ಕೇಳಿಸಬೇಕು.

ಮುಂದಿನ ಸಾಲು: ರಕ್ತದ ಸಕ್ಕರೆ 1,26, ಲೀಟರಿಗೆ ಗ್ರಾಂ. ಇಲ್ಲಿ ನಮ್ಮ ಕಣ್ಣಿಗೇ ಒಂದು ಬಲೆ ಇದೆ. ಲಕ್ಷ, ಸಾವಿರಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಓದಿ ಬೆಳೆದವರು ನಾವು. ಫ್ರೆಂಚಿನಲ್ಲಿ ಅಲ್ಪವಿರಾಮ ದಶಾಂಶದ ಚಿಹ್ನೆ, ಸಾವಿರಕ್ಕೆ ಖಾಲಿ ಜಾಗ ಬಿಡುತ್ತಾರೆ. ಇದು ಒಂದು ದಶಾಂಶ ಎರಡು ಆರು. ಇಂಗ್ಲೆಂಡಿನಲ್ಲಿ ಸಕ್ಕರೆಯನ್ನು ಲೀಟರಿಗೆ ಮಿಲಿಮೋಲ್‌ಗಳಲ್ಲಿ ಅಳೆಯುತ್ತಾರೆ, ಈ ಪ್ರಮಾಣ ಅಲ್ಲಿ ಸುಮಾರು 7 ಆಗುತ್ತದೆ. ಆ ಲೆಕ್ಕ ವೈದ್ಯರು ಮಾಡಿಕೊಳ್ಳಲಿ. ನಿಮ್ಮ ಹೊಣೆ ಸಂಖ್ಯೆಯ ಜೊತೆ "ಲೀಟರಿಗೆ ಗ್ರಾಂ" ಎಂಬ ಮಾನವನ್ನು ತಪ್ಪದೆ ಹೇಳುವುದು. ಮಾನ ಬಿಟ್ಟ ಸಂಖ್ಯೆ ಓದಿದಂತಲ್ಲ.

ಕೈಬರಹದಲ್ಲಿ ಇನ್ನೊಂದು ಎಚ್ಚರಿಕೆ. ಫ್ರೆಂಚರ 1ಕ್ಕೆ ಎಡಗಡೆ ಉದ್ದನೆಯ ಏರುಗೆರೆ ಇರುತ್ತದೆ, ಅದು ನಮಗೆ 7ರಂತೆ ಕಾಣುತ್ತದೆ. ಅವರ 7ರ ನಡುವೆ ಅಡ್ಡಗೆರೆ ಇರುತ್ತದೆ. ಬರೆದವರ ಕೈಯನ್ನು ಅರಿಯಲು ಅದೇ ಹಾಳೆಯಲ್ಲಿ ಖಚಿತವಾದ ಒಂದು ತಾರೀಖು ಹುಡುಕಿ, ಅಲ್ಲಿನ ಅಂಕಿಗಳ ಜೊತೆ ಹೋಲಿಸಿ. ತಾರೀಖುಗಳಲ್ಲಿ ತಿಂಗಳನ್ನು ಹೆಸರಿನಿಂದ ಹೇಳಿ. ಫ್ರೆಂಚಿನಲ್ಲೂ ಇಂಗ್ಲೆಂಡಿನಲ್ಲೂ ದಿನ ಮೊದಲು, ಅಮೆರಿಕದ ಆಸ್ಪತ್ರೆಗಳಿಗೆ ದೂರದಿಂದ ಕೆಲಸ ಮಾಡುವಾಗ ಅದು ತಿರುಗುಮುರುಗು.

ಹಂತ 5: ಪರಿಚಿತ ಮುಖದ ಪದಗಳನ್ನು ಅನುಮಾನಿಸಿ

ಗೊತ್ತಿಲ್ಲದ ಪದ ಅಷ್ಟು ಅಪಾಯವಲ್ಲ, ಅಲ್ಲಿ ನಾವು ನಿಲ್ಲುತ್ತೇವೆ. ಇಂಗ್ಲಿಷಿನಂತೆಯೇ ಕಾಣುವ ಪದ ನಿಲ್ಲಿಸದೆ ಒಳಗೆ ನುಸುಳುತ್ತದೆ. ನಮ್ಮ ರೋಗಿಯ ಹಿಂದಿನ ಆರೋಗ್ಯದಲ್ಲಿ ಪದೇ ಪದೇ ಬಂದ "ಆಂಝೀನ್" ಎಂದಿದೆ. ಅದನ್ನು ಅಂಜೈನಾ ಎಂದು ಓದಿದರೆ ರಕ್ತದೊತ್ತಡವಿರುವ 58ರ ಮಹಿಳೆಗೆ ಹೃದಯದ ನೋವೂ ಇತ್ತು ಎಂದು ದಾಖಲಾಗುತ್ತದೆ, ತಪಾಸಣೆಯ ದಿಕ್ಕೇ ಬದಲಾಗುತ್ತದೆ. ಫ್ರೆಂಚಿನಲ್ಲಿ ಅದು ಗಂಟಲಿನ ಸೋಂಕು, ಟಾನ್ಸಿಲೈಟಿಸ್. ಹೃದಯದ್ದಾಗಿದ್ದರೆ "ಆಂಝೀನ್ ದ ಪ್ವಾತ್ರೀನ್" ಅಥವಾ "ಆಂಗೋರ್" ಎಂದಿರುತ್ತಿತ್ತು.

ಆಸ್ಪತ್ರೆಗೆ ಸೇರಲು ಕಾರಣ "ಮಲೇಝ್" ಎಂದಿದೆ. ಇಂಗ್ಲಿಷಿನ ಮಲೇಸ್ ಎಂದರೆ ಮೈ ಸರಿಯಿಲ್ಲದ ಮಂಕು. ಫ್ರೆಂಚಿನಲ್ಲಿ ಅದು ತಟ್ಟನೆ ಬಂದ ಘಟನೆ: ತಲೆಸುತ್ತು, ಕುಸಿಯುವುದು. ಪತ್ರದಲ್ಲಿ ಅದರ ಮುಂದೆಯೇ ಪ್ರಜ್ಞೆ ತಪ್ಪಿತು ಎಂದೂ ಇರುವುದರಿಂದ "ಕುಸಿದು ಪ್ರಜ್ಞೆ ತಪ್ಪಿದ್ದು" ಎಂಬ ಅರ್ಥದಲ್ಲಿ ಹೇಳಬೇಕು. "ಸ್ಕಾನೇರ್" ಎಂದರೆ ಯಂತ್ರವಲ್ಲ, ಸಿ.ಟಿ. ಸ್ಕ್ಯಾನ್. ನಮ್ಮ ಪತ್ರದಲ್ಲಿರುವ ಟಿ.ಡಿ.ಎಂ. ಎಂಬ ಅಕ್ಷರಗಳೂ ಅದನ್ನೇ ಹೇಳುತ್ತವೆ.

ಪದಕ್ಕಿಂತ ಸೂಕ್ಷ್ಮವಾದದ್ದು ಕ್ರಿಯಾರೂಪ. ಪತ್ರದ ಎರಡನೆಯ ಸಾಲು "ಓರೇ ಪ್ರೆಝಾಂತೆ" ಎಂದು ಶುರುವಾಗುತ್ತದೆ. ವ್ಯಾಕರಣ ಪುಸ್ತಕದ ಪಾಠದಂತೆ ಇದನ್ನು ಇಂಗ್ಲಿಷಿನ "ವುಡ್ ಹ್ಯಾವ್" ಎಂದು ಹೇಳಿದರೆ, ಆಗಬಹುದಿತ್ತು ಆದರೆ ಆಗಲಿಲ್ಲ ಎಂಬ ಅರ್ಥ ಬರುತ್ತದೆ. ವರದಿಗಳಲ್ಲಿ ಈ ರೂಪದ ಕೆಲಸ ಬೇರೆ: ಬರೆದ ವೈದ್ಯರು ಕಣ್ಣಾರೆ ನೋಡಿಲ್ಲ, ಯಾರೋ ಹೇಳಿದ್ದು. ಕನ್ನಡದಲ್ಲಿ "ಹಿಂದಿನ ತಿಂಗಳೂ ಎರಡು ಸಲ ಹೀಗಾಗಿತ್ತಂತೆ" ಎನ್ನುತ್ತೇವಲ್ಲ, ಆ "ಅಂತೆ"ಯೇ ಇದು. ಇಂಗ್ಲಿಷಿನಲ್ಲಿ "ರಿಪೋರ್ಟೆಡ್ಲಿ" ಎಂದು ಬರಬೇಕು. ಹಾಗೆಯೇ, ಪತ್ರ ವರ್ತಮಾನ ಕಾಲದಲ್ಲಿ "ರೋಗಿ ಮಾರ್ಚ್ 3ರಂದು ದಾಖಲಾಗುತ್ತಾರೆ" ಎಂದು ಬರೆದಿದ್ದರೆ ಇಂಗ್ಲಿಷಿನಲ್ಲಿ ಭೂತಕಾಲ ಬರಲಿ.

ಹಂತ 6: ಒಂದೇ ವೇಗದಲ್ಲಿ, ಹಿಂದೆ ಸರಿಯದೆ ಓದಿ

ಈಗ ಓದಿ. ಮೊದಲು ಇದು ಯಾವ ಪತ್ರ, ಎಲ್ಲಿಂದ, ಯಾವ ತಾರೀಖಿನದು ಎಂದು ಹೇಳಿ. ಟೈಪ್ ಮಾಡಿದ್ದು ಎಲ್ಲಿ ಮುಗಿದು ಕೈಬರಹ ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ತಿಳಿಸಿ. ವೈದ್ಯರ ಕಣ್ಣು ಹಾಳೆಯ ಮೇಲಿಲ್ಲ, ಆ ವ್ಯತ್ಯಾಸ ಅವರಿಗೆ ಕಾಣುವುದಿಲ್ಲ.

ವೇಗ ನಿಧಾನವಾಗಿರಲಿ, ಮುಖ್ಯವಾಗಿ ಸಮನಾಗಿರಲಿ. ಬಾಯಿ ಒಂದು ತುಂಡನ್ನು ಹೇಳುತ್ತಿರುವಾಗ ಕಣ್ಣು ಮುಂದಿನ ತುಂಡಿನ ಮೇಲಿರಬೇಕು. ವಾಕ್ಯದ ಕೊನೆ ಕಾಣುವ ಮುನ್ನ ಅದನ್ನು ಶುರುಮಾಡಬೇಡಿ, ವಾಕ್ಯಗಳ ನಡುವೆ ಬೇಕಾದಷ್ಟು ನಿಲ್ಲಿ. ವಾಕ್ಯದೊಳಗೆ ನಿಂತರೆ ಕೇಳುವವರು ತಮ್ಮ ಊಹೆಯಿಂದ ಅದನ್ನು ತುಂಬಿಕೊಳ್ಳುತ್ತಾರೆ.

ನಮ್ಮ ಪತ್ರ ಕಿವಿಗೆ ಹೀಗೆ ಕೇಳಬೇಕು. ಅರ್ಥ ಹಿಡಿಯಲು ಕನ್ನಡದಲ್ಲಿ ಕೊಡುತ್ತೇನೆ:

"ಇದು ಆಸ್ಪತ್ರೆ ವಾಸದ ವರದಿ. ರೋಗಿ 58 ವರ್ಷದ ಮಹಿಳೆ, ಈಗಾಗಲೇ ಗೊತ್ತಿರುವ ರಕ್ತದೊತ್ತಡ, ಅಮ್ಲೊಡಿಪಿನ್ 5 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಕುಸಿದು ಪ್ರಜ್ಞೆ ತಪ್ಪಿದ್ದರಿಂದ ಮಾರ್ಚ್ 3ರಿಂದ 9ರವರೆಗೆ ದಾಖಲಾಗಿದ್ದರು. ಮಗ ಹೇಳುವಂತೆ ಹಿಂದಿನ ತಿಂಗಳು ಇಂಥದೇ ಎರಡು ಘಟನೆ ಆಗಿದ್ದವಂತೆ. ಹಿಂದಿನ ಆರೋಗ್ಯ: ರಕ್ತದೊತ್ತಡ, ಪದೇ ಪದೇ ಟಾನ್ಸಿಲೈಟಿಸ್, ಐ.ವಿ.ಜಿ. 1998ರಲ್ಲಿ. ದುಭಾಷಿಯ ಮಾತು: ಈ ಸಂಕ್ಷೇಪಕ್ಕೆ ಎರಡು ಅರ್ಥವಿದೆ, ಓದು ಮುಗಿದ ಮೇಲೆ ಕೇಳಬೇಕಾಗಬಹುದು. ದಾಖಲಾದಾಗ ರಕ್ತದೊತ್ತಡ ಹದಿನೆಂಟರ ಕೆಳಗೆ ಹತ್ತು. ಸಕ್ಕರೆ ಲೀಟರಿಗೆ 1.26 ಗ್ರಾಂ. ಮಿದುಳಿನ ಸಿ.ಟಿ. ಸ್ಕ್ಯಾನ್‌ನಲ್ಲಿ ವಿಶೇಷವೇನೂ ಇಲ್ಲ. ಪ್ರಗತಿ ಚೆನ್ನಾಗಿತ್ತು. ಕೈಬರಹ ಶುರು: ಬಿಡುಗಡೆಯ ಔಷಧ, ಅಮ್ಲೊಡಿಪಿನ್ 10 ಮಿಲಿಗ್ರಾಂ, ದಿನಕ್ಕೆ ಒಂದು ಮಾತ್ರೆ, ಬೆಳಿಗ್ಗೆ. ಕಾರ್ದೆಝಿಕ್ 75, ದಿನಕ್ಕೆ ಒಂದು ಪೊಟ್ಟಣ. ಒಂದು ತಿಂಗಳಿಗೆ ಸಾಕಾಗುವಷ್ಟು. ಎರಡು ವಾರದಲ್ಲಿ ರಕ್ತದೊತ್ತಡದ ಮರುಪರೀಕ್ಷೆ."

ರಕ್ತದೊತ್ತಡದ ಮಾನದ ಬಗೆಗಿನ ಟಿಪ್ಪಣಿ ಆ ವಾಕ್ಯದ ಬೆನ್ನಿಗೇ ಬರಬೇಕು, ಇಲ್ಲಿ ಬಿಟ್ಟಿದ್ದೇನೆ ಅಷ್ಟೆ. ಕೊನೆಯ ಸಾಲಿನಲ್ಲಿ ಮೂಲದಲ್ಲಿರುವುದು "ಹದಿನೈದು ದಿನ". ಫ್ರೆಂಚಿನಲ್ಲಿ ಹದಿನೈದು ದಿನ ಎಂದರೆ ಎರಡು ವಾರ, ಎಂಟು ದಿನ ಎಂದರೆ ಒಂದು ವಾರ. ಇದು ಔಷಧದ ಅವಧಿಯಲ್ಲಿ ಬಂದರೆ ಮಾತ್ರ ಅಂಕಿಯನ್ನು ಬರೆದಂತೆಯೇ ಹೇಳಿ, ಅಲ್ಲಿ ಒಂದು ಮಾತ್ರೆಯೂ ಲೆಕ್ಕಕ್ಕೆ ಬರುತ್ತದೆ.

ಕಾರ್ದೆಝಿಕ್ ಫ್ರೆಂಚ್ ಬ್ರಾಂಡ್ ಹೆಸರು, ಒಳಗಿರುವುದು ಆಸ್ಪಿರಿನ್ನಿನ ಒಂದು ರೂಪ. ಆದರೂ ಓದುವಾಗ "ಆಸ್ಪಿರಿನ್" ಎಂದು ಬದಲಿಸಬಾರದು. ಬ್ರಾಂಡ್ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿ, ವೈದ್ಯರು ತಾವೇ ಹುಡುಕಿಕೊಳ್ಳಲಿ.

ತಪ್ಪಿದರೆ ಒಂದೇ ರೀತಿಯಲ್ಲಿ ತಿದ್ದಿ: "ತಿದ್ದುಪಡಿ" ಎಂದು ಹೇಳಿ, ಪೂರ್ತಿ ವಾಕ್ಯವನ್ನು ಮತ್ತೆ ಹೇಳಿ. ಅರ್ಧ ಪದ ನುಂಗಿ ಇನ್ನೊಂದು ಪದ ಹಾಕಿದರೆ ಎರಡೂ ದಾಖಲೆಗೆ ಹೋಗುತ್ತವೆ. ಓದಲಾಗದ ಪದಕ್ಕೆ "ಇಲ್ಲಿ ಒಂದು ಪದ ಓದಲಾಗುತ್ತಿಲ್ಲ" ಎನ್ನಿ, ಸುತ್ತಲಿನ ಅರ್ಥದಿಂದ ತುಂಬಬೇಡಿ.

ಹಂತ 7: ಸಂಶಯಗಳನ್ನು ವೈದ್ಯರ ಮೂಲಕ ಕೇಳಿ

ಓದು ಮುಗಿದ ಮೇಲೆ ಐ.ವಿ.ಜಿ.ಯ ವಿಷಯ. ಇಸವಿ ನೋಡಿದರೆ ಗರ್ಭಪಾತವೆಂದೇ ಅನ್ನಿಸಬಹುದು. ಆದರೆ ಇದು ರಕ್ತದೊತ್ತಡದ ರೋಗಿಯ ಪತ್ರ, ಹೃದಯದ ವೈಫಲ್ಯವನ್ನು ನೀವು ತಳ್ಳಿಹಾಕುವಂತಿಲ್ಲ. ಎರಡೂ ಅರ್ಥಗಳನ್ನು ವೈದ್ಯರಿಗೆ ಹೇಳಿ, ರೋಗಿಯನ್ನು ಕೇಳುವುದು ಅವರ ಕೆಲಸ. ಮಗ ಕೋಣೆಯಲ್ಲೇ ಇದ್ದರೆ ಅರ್ಥಗಳನ್ನು ಬಿಡಿಸುವ ಮೊದಲು, ಈ ಪ್ರಶ್ನೆಯನ್ನು ರೋಗಿಯ ಬಳಿ ಏಕಾಂತದಲ್ಲಿ ಕೇಳುವುದು ಒಳ್ಳೆಯದು ಎಂದಷ್ಟೇ ಹೇಳಿ. ನೀವೇ ರೋಗಿಯೊಂದಿಗೆ ಫ್ರೆಂಚಿನಲ್ಲಿ ಪಿಸುಗುಟ್ಟಿ ಉತ್ತರ ಪಡೆದು ವೈದ್ಯರಿಗೆ ಒಪ್ಪಿಸುವುದು ತಪ್ಪು. ವೈದ್ಯರು ಕೋಣೆಯಲ್ಲಿ ನಡೆದ ಒಂದು ಮಾತುಕತೆಯ ಹೊರಗೆ ಉಳಿದಂತಾಗುತ್ತದೆ.

ಹಳಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ನಿಮ್ಮ ಇಂಗ್ಲಿಷ್ ಪತ್ರಕ್ಕಿಂತ ಬಹಳ ಚಿಕ್ಕದಾಗಿ ಮುಗಿದರೆ ನೀವು ಓದಲಿಲ್ಲ, ಸಾರಾಂಶ ಹೇಳಿದಿರಿ. ಸಾಲಿನ ಕೊನೆಯಲ್ಲಿ ದನಿ ಪ್ರಶ್ನೆಯಂತೆ ಏರುತ್ತಿದ್ದರೆ ಕಣ್ಣು ಮುಂದೆ ಓಡುತ್ತಿಲ್ಲ, ಬಾಯಿಯ ಜೊತೆಯಲ್ಲೇ ಇದೆ. ವಾಕ್ಯಗಳು ಫ್ರೆಂಚ್ ಜೋಡಣೆಯಲ್ಲೇ ಹೊರಬರುತ್ತಿದ್ದರೆ ಅದು ದಣಿವಿನ ಗುರುತು. ಫ್ರೆಂಚ್ ಮತ್ತು ಇಂಗ್ಲಿಷಿನ ಪದಕ್ರಮ ಹತ್ತಿರವಿರುವುದರಿಂದ ಇದು ನಮಗೇ ಗೊತ್ತಾಗದೆ ಆಗುತ್ತದೆ. ವೈದ್ಯರು ಒಂದೇ ವಿಷಯವನ್ನು ಎರಡನೆಯ ಸಲ ಕೇಳಿದರೆ ನಿಲ್ಲಿ, ಆ ವಾಕ್ಯವನ್ನು ಹಾಳೆ ನೋಡಿಯೇ ಮತ್ತೆ ಹೇಳಿ, ನೆನಪಿನಿಂದ ಬೇಡ.

ವಿಡಿಯೊ ಮೂಲಕ ಕೆಲಸ ಮಾಡುವಾಗ ರೋಗಿ ಕ್ಯಾಮೆರಾಗೆ ಹಿಡಿದ ಹಾಳೆಯನ್ನು ಓದಲು ಒಪ್ಪಬೇಡಿ. ಅಲುಗುವ ಚಿತ್ರದಲ್ಲಿ 5 ಮತ್ತು 6, ಅಲ್ಪವಿರಾಮ ಮತ್ತು ಧೂಳಿನ ಚುಕ್ಕೆ ಒಂದೇ ಆಗಿ ಕಾಣುತ್ತವೆ. ಆಸ್ಪತ್ರೆಯ ಸುರಕ್ಷಿತ ವ್ಯವಸ್ಥೆಯ ಮೂಲಕ ಸ್ಕ್ಯಾನ್ ಪ್ರತಿ ತೋರಿಸಲು ಕೇಳಿ.

ಹಂತ 8: ಕೆಲಸ ಮುಗಿಸುವುದು

ನೀವು ಹೇಳಿದ್ದು ಬಾಯಿಮಾತಿನ ಅನುವಾದ ಎಂದು ವೈದ್ಯರಿಗೆ ಸ್ಪಷ್ಟಪಡಿಸಿ. ಅದು ರೋಗಿಯ ದಾಖಲೆಗೆ ಸೇರಬೇಕಾದರೆ, ಅಥವಾ ಅದರ ಮೇಲೆ ಹೊಸ ಔಷಧ ನಿರ್ಧಾರವಾಗುವುದಾದರೆ, ಬರಹದ ಅನುವಾದ ತರಿಸಿಕೊಳ್ಳುವುದು ಒಳ್ಳೆಯದೆಂದು ಹೇಳಿ. ಹೇಳಿದ್ದನ್ನೇ ಚೀಟಿಯಲ್ಲಿ ಬರೆದು ಸಹಿ ಮಾಡಿಕೊಡಿ ಎಂದರೆ ಒಪ್ಪಬೇಡಿ.

ರೋಗಿಗೆ ಇಷ್ಟು ಹೊತ್ತು ಇಂಗ್ಲಿಷಿನಲ್ಲಿ ನಡೆದದ್ದು ಏನೆಂದು ಗೊತ್ತಿಲ್ಲ. ಪತ್ರವನ್ನು ಪೂರ್ತಿ ಓದಿದ್ದಾಯಿತು, ದುಭಾಷಿ ಇಂತಿಂಥ ಎರಡು ಟಿಪ್ಪಣಿ ಸೇರಿಸಿದರು ಎಂದು ಫ್ರೆಂಚಿನಲ್ಲಿ ತಿಳಿಸಿ. ಮೂಲ ಹಾಳೆಯನ್ನು ರೋಗಿಯ ಕೈಗೇ ಕೊಡಿ, ಮೇಜಿನ ಮೇಲೆ ಬಿಡಬೇಡಿ. ಜೆರಾಕ್ಸ್ ಪ್ರತಿಯನ್ನು ವೈದ್ಯರಿಗೆ ಒಪ್ಪಿಸಿ. ನೋಟ್‌ಪುಸ್ತಕದ ಆ ಹಾಳೆಯನ್ನು ಕಿತ್ತು, ಹೊರಡುವ ಮೊದಲು ಆಸ್ಪತ್ರೆಯ ಗೋಪ್ಯ ಕಾಗದಗಳ ಡಬ್ಬಿಗೆ ಹಾಕಿ.